ಸಹೋದ್ಯೋಗಿಯ ಪರಿಚಯಕ್ಕೆ ಒಂದೇ ಒಂದು ತಮಾಷೆ ಸಾಕು

ನಮ್ಮ ಕಡೆ ಶಿಕ್ಷಕರ ಕಾರ್ಯಾಗಾರ ಅಂದರೆ ನಿರೂಪಣೆ ಹೇಗೋ ನನ್ನ ತಲೆಗೇ ಬಂದು ಬೀಳುತ್ತದೆ. ಹೊರಗಿನ ಅತಿಥಿಯ ಪರಿಚಯ ಸುಲಭ, ಅವರು ಕೊಟ್ಟ ಹಾಳೆ ಓದಿದರೆ ಆಯಿತು. ದಿನಾ ಜೊತೆಯಲ್ಲಿ ಕೂತು ಟೀ ಕುಡಿಯುವವರನ್ನು ಪರಿಚಯಿಸುವುದೇ ಕಷ್ಟ. ಡಿಗ್ರಿ, ಸೇವೆಗೆ ಸೇರಿದ ವರ್ಷ ಅಂತ ಓದುತ್ತಾ ಹೋದರೆ ಸಭೆ ಮೊಬೈಲ್ ತೆಗೆಯುತ್ತದೆ. ಸಲಿಗೆ ಜಾಸ್ತಿಯಾದರೆ ಕುರ್ಚಿಯಲ್ಲಿ ಕೂತವರ ಮುಖ ಕೆಂಪಾಗುತ್ತದೆ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಕಡಿಮೆ ಖರ್ಚಿನ ಪ್ರಯೋಗಗಳ ಬಗ್ಗೆ ಮಾತಾಡುವುದಿತ್ತು. ಅವರ ಬಗ್ಗೆ ಸ್ಟಾಫ್ ರೂಮಿನಲ್ಲಿ ನಾವು ನಗುವ ಸಂಗತಿಗಳು ಬೇಕಾದಷ್ಟಿವೆ. ಅದರಲ್ಲಿ ಮುಕ್ಕಾಲು ಪಾಲು ಹೊರಗೆ ಹೇಳುವಂಥದ್ದಲ್ಲ. ಬಸ್ಸು ಕೈಕೊಟ್ಟು ತಡವಾಗಿ ಬಂದದ್ದು ನಮಗೆ ತಮಾಷೆ, ಆದರೆ ಮುಂದಿನ ಸಾಲಿನಲ್ಲಿ ಬಿಇಒ ಸಾಹೇಬರು ಕೂತಿದ್ದರೆ ಅದು ದೂರು ಆಗಿಬಿಡುತ್ತದೆ. ಸೀರೆ, ಮೈಕಟ್ಟು, ಊಟ, ಅವರ ಊರಿನ ಮಾತಿನ ಧಾಟಿ, ಮನೆಯವರು, ಇವನ್ನು ಮುಟ್ಟುವುದೇ ಬೇಡ. ಬೇರೆ ಶಾಲೆಯವರಿಗೆ ಹಿನ್ನೆಲೆ ವಿವರಿಸಬೇಕಾಗುವ ಜೋಕೂ ಬೇಡ. ನಮ್ಮ ಐದಾರು ಜನ ನಕ್ಕು ಉಳಿದವರು ಸುಮ್ನೆ ಮುಖ ಮುಖ ನೋಡಿಕೊಳ್ಳುತ್ತಾರೆ ಅಷ್ಟೇ.

ಕೊನೆಗೆ ಉಳಿದದ್ದು ಅವರ ಕೆಲಸಕ್ಕೇ ಅಂಟಿಕೊಂಡ ಎರಡು ಮಾತು. ಹಿಂದಿನ ದಿನ ಮಧ್ಯಾಹ್ನ ಎರಡನ್ನೂ ಅವರ ಮುಂದಿಟ್ಟೆ. ಒಂದೇ ಜೋಕ್ ತಗೊಂಡು ಹೋಗಿ "ಹೇಳಲಾ?" ಅಂತ ಕೇಳಿದರೆ ನಮ್ಮ ಜನ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಎರಡು ಕೊಟ್ಟರೆ ಬೇಡದ್ದನ್ನು ಬಿಡುವುದು ಅವರಿಗೆ ಸುಲಭ. "ಏನೋ ಒಂದು ಹೇಳಿ ಬಿಡಿ ಸಾರ್" ಅಂದರೆ ನಾನು ಅದನ್ನು ಬೇಡ ಅಂತಲೇ ಲೆಕ್ಕ ಹಾಕುತ್ತೇನೆ. ನಿಜವಾಗಿ ಒಪ್ಪಿದವರು ನಕ್ಕು, ತಾವೇ ಒಂದು ವಿವರ ಸೇರಿಸುತ್ತಾರೆ.

ಮೊದಲನೆಯದು ಹೀಗಿತ್ತು: "ನಮ್ಮ ಶಾಲೆಯಲ್ಲಿ ಏನೇ ಕಳುವಾದರೂ ನಾವು ಮೊದಲು ಮೇಡಂ ಬ್ಯಾಗ್ ನೋಡುತ್ತೇವೆ." ನಗು ಗ್ಯಾರಂಟಿ ಬರುತ್ತಿತ್ತು. ಆದರೆ ಅವರು ಅದನ್ನು ಓದಿ ಹಾಳೆ ಪಕ್ಕಕ್ಕಿಟ್ಟರು. ಸರಿಯೇ, ನೂರು ಜನರ ಮುಂದೆ ಕಳುವು ಮತ್ತು ಬ್ಯಾಗ್ ಒಂದೇ ವಾಕ್ಯದಲ್ಲಿ ಯಾಕೆ? ಎರಡನೆಯದು: "ಸ್ಟಾಫ್ ರೂಮಿನಲ್ಲಿ ಬಾಟಲಿ ಮುಚ್ಚಳ ಕಾಣದಿದ್ದರೆ ನಾವು ಹುಡುಕುವುದಿಲ್ಲ. ಮರುದಿನ ಅದು ಎಂಟನೇ ಕ್ಲಾಸಿನಲ್ಲಿ ಚಕ್ರವಾಗಿ ಓಡುತ್ತಿರುತ್ತದೆ." ಇದಕ್ಕೆ ನಕ್ಕರು. "ನಿಮ್ಮ ಪೆನ್ನಿನ ಖಾಲಿ ರೀಫಿಲ್ಲೂ ಹಾಗೇ ಹೋಗಿದ್ದು ಸಾರ್, ಕಡ್ಡಿ ತಿರುಗೋಕೆ ಅದೇ ಬೇಕು" ಅಂದರು. ಅದನ್ನೂ ಸೇರಿಸಿದೆ. ಈಗ ನೋಡಿ, ಸಾಮಾನು ಕಳೆದುಕೊಂಡ ಪೆದ್ದ ನಾನು, ಜಾಣತನ ಅವರದ್ದು. ಜೊತೆಗೆ ಜೋಕು ನೇರ ಅವರ ವಿಷಯಕ್ಕೇ ತಂದು ನಿಲ್ಲಿಸುತ್ತದೆ.

ಎಲ್ಲಿ ಹೇಳಬೇಕು ಅನ್ನುವುದೂ ಮುಖ್ಯ. ಮೊದಲು ಅವರು ಏನು ಮಾತಾಡುತ್ತಾರೆ ಅಂತ ಒಂದು ಸಾಲು ಹೇಳಿದೆ. ಆಮೇಲೆ ಮುಚ್ಚಳ, ರೀಫಿಲ್. ಅದರ ಬೆನ್ನಿಗೇ ಒಂದು ಗಟ್ಟಿ ಮಾತು: "ಬಲೂನಿನ ಗಾಳಿಗೆ ಓಡುವ ಆ ಗಾಡಿಯನ್ನು ಮಕ್ಕಳು ತಾವೇ ಕಟ್ಟುತ್ತಾರೆ, ಕ್ರಿಯೆ ಪ್ರತಿಕ್ರಿಯೆಯ ನಿಯಮವನ್ನು ಬಾಯಿಪಾಠ ಮಾಡದೆ ಹೇಳುತ್ತಾರೆ." ಕೊನೆಗೆ ಹೆಸರು. ಎಲ್ಲ ಸೇರಿ ಒಂದೂವರೆ ನಿಮಿಷ. ಜೋಕನ್ನು ಕೊನೆಗಿಟ್ಟರೆ ಅವರು ನಗುವಿನ ನಡುವೆ ಎದ್ದು ಬರಬೇಕು, ಅವರ ಮೊದಲ ಮಾತು ಯಾರಿಗೂ ಕೇಳಿಸುವುದಿಲ್ಲ, ಚಪ್ಪಾಳೆಯೂ ಜೋಕಿಗೇ ಹೋಗುತ್ತದೆ. ಇನ್ನೊಂದು, ಸ್ಟಾಫ್ ರೂಮಿನಲ್ಲಿ ಎಷ್ಟೇ ಸಲಿಗೆ ಇರಲಿ, ಮೈಕಿನಲ್ಲಿ ಬಹುವಚನ ಬಿಡಬಾರದು. ಜೋಕ್ ಹೇಳುವ ಹುರುಪಿನಲ್ಲೇ "ಬಂದ್ರು" ಹೋಗಿ "ಬಂದ್ಲು" ಬಾಯಿಂದ ಜಾರುವುದು.

ಎಲ್ಲರಿಗೂ ಇದು ನಡೆಯುವುದಿಲ್ಲ. ಹೊಸದಾಗಿ ಸೇರಿದವರು, ವರ್ಗಾವಣೆಯ ತಲೆಬಿಸಿಯಲ್ಲಿರುವವರು, ಇಂಥವರಿಗೆ ನಾನು ನೇರ ಪರಿಚಯವನ್ನೇ ಮಾಡುತ್ತೇನೆ. ಮೇಲಧಿಕಾರಿಯ ಬಗ್ಗೆ ಅಂತೂ ಬೇಡವೇ ಬೇಡ. ಸಭೆ ನಗುವ ಮುಂಚೆ ಅವರ ಮುಖ ನೋಡುತ್ತದೆ, ಅಲ್ವಾ?

ಇನ್ನು ನಗು ಬಾರದೇ ಹೋದರೆ? ಅದಕ್ಕೇ ತಮಾಷೆಯ ಮುಂದಿನ ವಾಕ್ಯವನ್ನು ನಗು ಬಂದರೂ ಬಾರದಿದ್ದರೂ ಹೊಂದುವ ಹಾಗೆ ಬರೆದಿಟ್ಟುಕೊಳ್ಳುತ್ತೇನೆ. ಮುಚ್ಚಳದ ಮಾತಿಗೆ ಯಾರೂ ನಗದಿದ್ದರೂ "ಆ ಗಾಡಿಯನ್ನು ಮಕ್ಕಳು ತಾವೇ ಕಟ್ಟುತ್ತಾರೆ" ಅನ್ನುವುದು ಸಲೀಸಾಗಿ ಮುಂದೆ ಹೋಗುತ್ತದೆ. "ಅರ್ಥ ಆಗ್ಲಿಲ್ವಾ?" ಅಂತ ಕೇಳಿ ಮತ್ತೆ ಹೇಳಲು ಹೋದರೆ ಮಾತ್ರ, ಅಲ್ಲಿ ಕೂತ ಮೇಡಂಗೆ ನಗಬೇಕೋ ಬೇಡವೋ ಗೊತ್ತಾಗದೆ ಸೀರೆ ಸೆರಗು ಸರಿಮಾಡಿಕೊಳ್ಳುತ್ತಾ ಕೂರಬೇಕಾಗುತ್ತದೆ.