ಒಂದೇ ‘ಅಲ್ಲಿ’, ಎರಡು ಪ್ರತ್ಯಯ: ಕೊರಿಯನ್ ಕಲಿಯುವವರು ತಪ್ಪುಗಳ ಪಟ್ಟಿ ಇಡುವುದು ಹೇಗೆ?

ಕೊರಿಯನ್ ಕಲಿಯುವ ಕನ್ನಡಿಗರಿಗೆ ಪದಕ್ರಮ ಅಷ್ಟಾಗಿ ಕಾಡುವುದಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ನಾಮಪದಕ್ಕೆ ಪ್ರತ್ಯಯ ಹತ್ತುವುದು ಎರಡೂ ನಮಗೆ ಪರಿಚಿತವೇ. ಆದರೆ ಕನ್ನಡದ ಪ್ರತಿ ಪ್ರತ್ಯಯಕ್ಕೂ ಅಲ್ಲಿ ಸರಿಯಾಗಿ ಒಂದೊಂದು ಜೋಡಿ ಇದೆಯೆಂದು ನಂಬಿ ಬರೆದಾಗ, ಒಂದೇ ತಪ್ಪು ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ. ಅದನ್ನು ಹಿಡಿಯಲು ತಪ್ಪುಗಳ ಪಟ್ಟಿ ಬೇಕು.

ಮೊದಲು ನೋಟ್‌ಬುಕ್‌ನಲ್ಲಾಗಲಿ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಾಗಲಿ ಐದು ಕಾಲಂ ಎಳೆದುಕೊಳ್ಳಿ: ದಿನಾಂಕ, ನೀವು ಬರೆದ ವಾಕ್ಯ, ತಿದ್ದಿದ ವಾಕ್ಯ, ವರ್ಗ, ಕಾರಣ. ತಪ್ಪಾದ ಪದವನ್ನಷ್ಟೇ ಬರೆದರೆ ಸಾಲದು. ಯಾವ ಪ್ರತ್ಯಯ ಬರಬೇಕೆಂಬುದನ್ನು ಹೆಚ್ಚಾಗಿ ವಾಕ್ಯದ ಕೊನೆಯ ಕ್ರಿಯಾಪದ ನಿರ್ಧರಿಸುವುದರಿಂದ ಇಡೀ ವಾಕ್ಯ ಕಣ್ಣಮುಂದಿರಬೇಕು. ಪಟ್ಟಿಯನ್ನು ಹಂಗುಲ್ ಲಿಪಿಯಲ್ಲಿಯೇ ಬರೆಯಿರಿ. ಓದುಗರ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಅಕ್ಷರ ಬಳಸಿದ್ದರೂ, ಕೊರಿಯನ್ನಿನ ಎರಡು ಭಿನ್ನ ಸ್ವರಗಳು ನಮ್ಮ ಒಂದೇ ‘ಒ’ಕಾರದಲ್ಲಿ ಬೆರೆತುಹೋಗುತ್ತವೆ, ಕಾಗುಣಿತದ ತಪ್ಪು ಅಲ್ಲಿಯೇ ಅಡಗುತ್ತದೆ.

ಎರಡನೆಯದು ವರ್ಗೀಕರಣ. ಆರಂಭಕ್ಕೆ ಐದು ವರ್ಗ ಸಾಕು: ಪ್ರತ್ಯಯ, ಕ್ರಿಯಾರೂಪ, ಗೌರವರೂಪ, ಕಾಗುಣಿತ, ಪದದ ಆಯ್ಕೆ. ಮೊದಲ ದಿನವೇ ಇಪ್ಪತ್ತು ವರ್ಗ ಮಾಡಿಕೊಂಡರೆ ಪ್ರತಿಯೊಂದರಲ್ಲೂ ಒಂದೊಂದೇ ತಪ್ಪು ಉಳಿದು, ಮರುಕಳಿಸುವುದು ಯಾವುದೆಂದು ಗೊತ್ತೇ ಆಗುವುದಿಲ್ಲ. ಒಂದೇ ಬಗೆಯ ತಪ್ಪು ಮೂರು ಬಾರಿ ಕಂಡಾಗ ಮಾತ್ರ ಅದಕ್ಕೊಂದು ಉಪವರ್ಗ ತೆರೆಯಿರಿ. ಮತ್ತೊಮ್ಮೆ ಓದಿದಾಗ ನೀವೇ ತಿದ್ದಿಕೊಳ್ಳಬಲ್ಲ ಕೈತಪ್ಪುಗಳನ್ನು ಪಟ್ಟಿಗೆ ಸೇರಿಸಬೇಡಿ.

ಮೂರನೆಯದಾದ ಕಾರಣದ ಕಾಲಂ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಅದನ್ನೇ ಖಾಲಿ ಬಿಡುತ್ತಾರೆ. ಕಲಿಯುವವರೊಬ್ಬರ ದಿನಚರಿಯ ಉದಾಹರಣೆ ತೆಗೆದುಕೊಳ್ಳೋಣ. ಅವರು ‘ಮನೆಯಲ್ಲಿ ಓದಿದೆ’ ಎನ್ನಲು ‘ಜಿಬ್-ಎ ಗೊಂಗ್‌ಬುಹೆಸ್ಸೊಯೊ’ ಎಂದು ಬರೆದರು; ‘ಜಿಬ್-ಎಸೊ’ ಎಂದಾಗಬೇಕಿತ್ತು. ಮರುವಾರ ‘ಕಂಪನಿಯಲ್ಲಿ ಕೆಲಸ ಮಾಡುತ್ತೇನೆ’ ಎನ್ನುವಲ್ಲಿಯೂ ‘-ಎಸೊ’ ಬದಲು ‘-ಎ’ ಬಂತು. ‘ಪ್ರತ್ಯಯ ತಪ್ಪು’ ಎಂದಷ್ಟೇ ಬರೆದರೆ ಇದರಿಂದ ಏನೂ ಸಿಗುವುದಿಲ್ಲ. ‘ಕನ್ನಡದ ಅಲ್ಲಿ ಎರಡಕ್ಕೂ ಸಲ್ಲುತ್ತದೆ, ಕೊರಿಯನ್ನಿನಲ್ಲಿ ಇರುವ ಜಾಗಕ್ಕೆ ಎ, ಕೆಲಸ ನಡೆಯುವ ಜಾಗಕ್ಕೆ ಎಸೊ’ ಎಂದು ಬರೆದರೆ ಎರಡೂ ಸಾಲುಗಳು ಒಂದೇ ಕಾರಣಕ್ಕೆ ಸೇರುತ್ತವೆ.

ಮೂರನೆಯ ವಾರ ಕಥೆ ತಿರುಗಿತು. ‘ಕುರ್ಚಿಯಲ್ಲಿ ಕುಳಿತೆ’ ಎನ್ನುವಲ್ಲಿ, ಕೂರುವುದೂ ಒಂದು ಕ್ರಿಯೆಯಲ್ಲವೇ ಎಂದುಕೊಂಡು, ಅವರು ‘ಉಯಿಜಾ-ಎಸೊ’ ಎಂದು ಬರೆದರು. ಸರಿಯಾದದ್ದು ‘ಉಯಿಜಾ-ಎ’. ‘ನೋಟ್‌ಬುಕ್‌ನಲ್ಲಿ ಹೆಸರು ಬರೆದೆ’ ಎಂಬಲ್ಲಿಯೂ ‘ಗೊಂಗ್‌ಚೆಕ್-ಎ’ ಬೇಕು. ಇಲ್ಲಿ ಕುರ್ಚಿ ದೇಹ ತಲುಪುವ ಜಾಗ, ನೋಟ್‌ಬುಕ್ ಅಕ್ಷರ ಹತ್ತುವ ಜಾಗ. ಅಂದರೆ ಅವರು ಮೊದಲು ಬರೆದುಕೊಂಡ ಕಾರಣವೇ ಅರ್ಧ ಸರಿ. ಅದನ್ನು ‘ಇರುವ ಅಥವಾ ಹೋಗಿ ಸೇರುವ ಜಾಗಕ್ಕೆ ಎ’ ಎಂದು ತಿದ್ದಬೇಕಾಯಿತು. ತಪ್ಪಿನ ದಿಕ್ಕು ಹೀಗೆ ತಿರುಗಿದ್ದು ಪಟ್ಟಿಯಿಲ್ಲದೆ ಕಣ್ಣಿಗೆ ಬೀಳುತ್ತಿರಲಿಲ್ಲ.

ನಾಲ್ಕನೆಯದು ವಾರಕ್ಕೊಮ್ಮೆ ಎಣಿಸುವುದು. ತಪ್ಪುಗಳ ಜೊತೆಗೆ ಆ ರೂಪವನ್ನು ಸರಿಯಾಗಿ ಬಳಸಿದ ಸಲಗಳನ್ನೂ ಎಣಿಸಬೇಕು. ಒಂದು ವಾರ 10 ಬಳಕೆಯಲ್ಲಿ 4 ತಪ್ಪಿ, ಮರುವಾರ 2 ಬಳಕೆಯಲ್ಲಿ 1 ತಪ್ಪಿದರೆ ಅದು ಸುಧಾರಣೆಯಲ್ಲ. ತಪ್ಪುವ ಭಯಕ್ಕೆ ಆ ವಾಕ್ಯಗಳನ್ನೇ ಬಿಟ್ಟು ಬರೆಯುತ್ತಿದ್ದೀರಿ ಎಂಬುದರ ಸೂಚನೆಯಿರಬಹುದು. ಆಗ ‘ಇರು’, ‘ಓದು’, ‘ಕೂರು’, ‘ಬರೆ’ ಎಂಬ ನಾಲ್ಕು ಕ್ರಿಯಾಪದಗಳನ್ನು ಹಿಡಿದು, ಪ್ರತಿಯೊಂದಕ್ಕೂ ಸ್ಥಳಸೂಚಕವಿರುವ ಎರಡೆರಡು ವಾಕ್ಯಗಳನ್ನು ಉದ್ದೇಶಪೂರ್ವಕವಾಗಿ ಬರೆದು ತಿದ್ದಿಸಿಕೊಳ್ಳಿ.

ಸರಿಯಾದದ್ದನ್ನೇ ತಪ್ಪೆಂದು ದಾಖಲಿಸುವುದೂ ಉಂಟು. ‘ಸಲ್ದಾ’, ಅಂದರೆ ವಾಸಿಸು, ಎಂಬ ಕ್ರಿಯಾಪದದೊಂದಿಗೆ ‘ಸಿಯೋಲ್ ನಗರದಲ್ಲಿ’ ಎನ್ನಲು ‘ಸೊಉಲ್-ಎ’, ‘ಸೊಉಲ್-ಎಸೊ’ ಎರಡೂ ಸಲ್ಲುತ್ತವೆ. ತಿದ್ದಿದವರು ಒಂದನ್ನು ಹೊಡೆದು ಇನ್ನೊಂದನ್ನು ಬರೆದಿದ್ದರೆ, ಅದು ತಪ್ಪೋ ಅವರ ಒಲವೋ ಎಂದು ಕೇಳಿ ತಿಳಿದ ನಂತರವೇ ಸಾಲು ಸೇರಿಸಿ.

ಸತತ ನಾಲ್ಕು ವಾರ, ಸಾಕಷ್ಟು ಬಳಕೆಯ ನಡುವೆಯೂ, ಒಂದು ಉಪವರ್ಗದಲ್ಲಿ ತಪ್ಪು ಬರದಿದ್ದರೆ ಅದರ ಸಾಲುಗಳಿಗೆ ಗೀಟು ಎಳೆಯಿರಿ, ಆದರೆ ಅಳಿಸಬೇಡಿ. ಹೊಸ ಕ್ರಿಯಾಪದವೊಂದು ಬಂದಾಗ ಅದೇ ತಪ್ಪು ಮರಳಿದರೆ, ಹಳೆಯ ಕಾರಣದ ಕಾಲಮನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ.