ಟೂರ್ ಕ್ಯಾನ್ಸಲ್ ಆದರೆ ಎಷ್ಟು ವಾಪಸ್, ಯಾವಾಗ ವಾಪಸ್: ನಮ್ಮ ನೋಟಿಸ್ ಬರೆದ ಅನುಭವ

ಮೈಸೂರಿನಲ್ಲಿ ನಮ್ಮದು ಸಣ್ಣ ಟ್ರಾವೆಲ್ಸ್. ವರ್ಷಕ್ಕೆ ನಾಲ್ಕೈದು ಸಲ ಕಾಶಿ, ಪ್ರಯಾಗ, ಅಯೋಧ್ಯೆಗೆ ಜನರನ್ನು ಕರೆದುಕೊಂಡು ಹೋಗುತ್ತೇವೆ, ಅಡುಗೆಯವರೂ ಜೊತೆಗೇ ಬರುತ್ತಾರೆ. ಬುಕಿಂಗ್ ರಸೀದಿಯ ಹಿಂದೆ ಕ್ಯಾನ್ಸಲೇಶನ್ ನಿಯಮ ಅಂತ ನಾಲ್ಕು ಸಾಲು ಇರುತ್ತಿತ್ತು. 90 ದಿನಕ್ಕಿಂತ ಮೊದಲಾದರೆ ಶೇ. 10 ಕಡಿತ, 30 ದಿನದವರೆಗೆ ಶೇ. 25, 15 ದಿನದವರೆಗೆ ಶೇ. 50, ಒಂದು ವಾರದವರೆಗೆ ಶೇ. 75, ಆಮೇಲೆ ಏನೂ ವಾಪಸ್ ಇಲ್ಲ. ವ್ಯಾಪಾರ ಶುರು ಮಾಡಿದಾಗ ಯಾವುದೋ ದೊಡ್ಡ ಕಂಪನಿಯ ಕರಪತ್ರ ನೋಡಿ ಬರೆದುಕೊಂಡದ್ದು ಅದು. ಆ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

2025ರ ನವೆಂಬರ್ 18ಕ್ಕೆ ಹೊರಡುವ ಟೂರ್ ಒಂದಿತ್ತು, 26 ಜನ. ಅದರಲ್ಲಿ ಒಬ್ಬ ದಂಪತಿ ಪೂರ್ತಿ ದುಡ್ಡು ಕಟ್ಟಿದ್ದರು. ಒಬ್ಬರಿಗೆ 22,000, ಅದರ ಮೇಲೆ ಶೇ. 5 ಜಿಎಸ್‌ಟಿ, ಇಬ್ಬರಿಗೆ ಸೇರಿ 46,200 ರೂಪಾಯಿ. ಅಕ್ಟೋಬರ್ 27ರ ಸಂಜೆ ಯಜಮಾನರು ಫೋನ್ ಮಾಡಿ ಎದೆನೋವು ಬಂದಿದೆ, ಬರೋದು ಅನುಮಾನ ಅಂದರು. 31ಕ್ಕೆ ಅವರ ಮಗಳ ವಾಟ್ಸಾಪ್ ಬಂತು, ಸ್ಟೆಂಟ್ ಹಾಕಿದ್ದಾರೆ, ಇಬ್ಬರದ್ದೂ ಕ್ಯಾನ್ಸಲ್ ಮಾಡಿ ಅಂತ. ಹೊರಡಲು 18 ದಿನ ಬಾಕಿ. ನಮ್ಮ ರಸೀದಿ ಪ್ರಕಾರ ಅರ್ಧ ಕಡಿತ, ಅಂದರೆ ಜಿಎಸ್‌ಟಿ ಸೇರಿ 23,100 ನಮಗೆ, 23,100 ಅವರಿಗೆ.

ಯಜಮಾನರ ಹೆಂಡತಿಗೆ ಫೋನಿನಲ್ಲಿ ಅದನ್ನೇ ಹೇಳಿದೆ. ಆ ತಾಯಿ ಜಗಳ ಆಡಲಿಲ್ಲ. "ಆಯ್ತಪ್ಪ, ರೂಲ್ಸ್ ಅಂದ್ರೆ ರೂಲ್ಸು. ಆದ್ರೆ ಈ ಇಪ್ಪತ್ಮೂರು ಸಾವಿರ ಎಲ್ಲಿಗೆ ಹೋಯ್ತು ಅಂತ ಮಾತ್ರ ಹೇಳು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಹೇಳ್ತೀನಮ್ಮ" ಅಂದು ಫೋನ್ ಇಟ್ಟೆ. ರಾತ್ರಿ ಕೂತು ಆ ಟೂರಿನ ಬಿಲ್ಲುಗಳನ್ನೆಲ್ಲ ಮುಂದೆ ಹರಡಿಕೊಂಡೆ.

ಮೊದಲು ರೈಲು. ಹೋಗಲು, ಬರಲು ಇಬ್ಬರಿಗೂ ಥರ್ಡ್ ಎಸಿ, ಒಟ್ಟು ನಾಲ್ಕು ಟಿಕೆಟ್, ಎಲ್ಲ ಕನ್ಫರ್ಮ್. ಆಗಿನ ನಿಯಮದಲ್ಲಿ ರೈಲು ಹೊರಡುವ 48 ಗಂಟೆಗಿಂತ ಮೊದಲು ರದ್ದು ಮಾಡಿದರೆ ಥರ್ಡ್ ಎಸಿಗೆ ಒಬ್ಬರಿಗೆ 180 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 189. ನಾಲ್ಕಕ್ಕೆ 756. ಬುಕಿಂಗ್ ಮಾಡುವಾಗ ಕಟ್ಟಿದ ಸೇವಾ ಶುಲ್ಕ ವಾಪಸ್ ಬರುವುದಿಲ್ಲ, ಅದೂ ಸೇರಿ 850 ಅಂತ ಇಟ್ಟುಕೊಂಡೆ. ಟಿಕೆಟ್ಟಿನ ಉಳಿದ ದುಡ್ಡೆಲ್ಲ ನಮ್ಮ ಖಾತೆಗೇ ಬರುತ್ತದೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಕಸಿವಿಸಿ ಆಯಿತು. ಇಷ್ಟು ವರ್ಷ "ಟಿಕೆಟ್ ಬುಕ್ ಆಗಿಹೋಗಿದೆ ಸಾರ್" ಅನ್ನುವುದನ್ನೇ ಕಾರಣ ಕೊಡುತ್ತಿದ್ದೆವು.

ಆಮೇಲೆ ಹೋಟೆಲ್. ಕಾಶಿಯ ಹೋಟೆಲಿನವರು ಟೂರ್ ಹೊರಡಲು 21 ದಿನಕ್ಕಿಂತ ಕಮ್ಮಿ ಇರುವಾಗ ರೂಮ್ ಬೇಡ ಅಂದರೆ ಒಂದು ರಾತ್ರಿಯ ಬಾಡಿಗೆ ಹಿಡಿಯುತ್ತಾರೆ, 2,000. ಅಯೋಧ್ಯೆಯ ಲಾಡ್ಜಿನವರು ಒಂದು ವಾರ ಮೊದಲು ಹೇಳಿದರೆ ಏನೂ ಕೇಳುವುದಿಲ್ಲ. ಅಡುಗೆ ಸಾಮಾನು ಇನ್ನೂ ತಂದಿರಲಿಲ್ಲ, ಅದಕ್ಕೆ ಸೊನ್ನೆ.

ನಿಜವಾದ ನಷ್ಟ ಇದ್ದದ್ದು ಬೇರೆ ಕಡೆ. ಕಾಶಿಯಲ್ಲಿ ಇಳಿದ ಮೇಲೆ ಐದು ದಿನಕ್ಕೆ ಮಾಡಿದ ಬಸ್ಸಿಗೆ 65,000. ಇಬ್ಬರು ಬರದಿದ್ದರೂ ಬಸ್ಸಿನವರು ಒಂದು ರೂಪಾಯಿ ಕಮ್ಮಿ ಮಾಡುವುದಿಲ್ಲ. 26 ಜನಕ್ಕೆ ಹಂಚಿದರೆ ತಲೆಗೆ 2,500, ಇಬ್ಬರದ್ದು 5,000. ಅಡುಗೆಯವರು, ಅವರ ಸಹಾಯಕರ ಸಂಬಳ 26,000, ಅದರಲ್ಲಿ ಇಬ್ಬರ ಪಾಲು 2,000. ನಮ್ಮ ಆಫೀಸ್ ಕೆಲಸಕ್ಕೆ ತಲೆಗೆ 500, ಅಂದರೆ 1,000.

ಎಲ್ಲ ಕೂಡಿದರೆ 10,850. ಶೇ. 50ರ ಹತ್ತಿರಕ್ಕೂ ಬರಲಿಲ್ಲ, ಕಾಲು ಭಾಗಕ್ಕೂ ಸ್ವಲ್ಪ ಕಮ್ಮಿಯೇ.

ಜಿಎಸ್‌ಟಿ ವಿಷಯ ನಮ್ಮಂಥ ಸಣ್ಣವರು ತಪ್ಪು ಮಾಡುವ ಜಾಗ. ಕಟ್ಟಿದ ತೆರಿಗೆ ಸರ್ಕಾರಕ್ಕೆ ಹೋಯಿತು, ವಾಪಸ್ ಇಲ್ಲ ಅಂತ ಹೇಳಿಬಿಡುತ್ತಾರೆ. ಅದು ಸರಿಯಲ್ಲ. 2022ರ ಆಗಸ್ಟ್ 3ರ ಜಿಎಸ್‌ಟಿ ಸುತ್ತೋಲೆ ಪ್ರಕಾರ ಕ್ಯಾನ್ಸಲೇಶನ್ ಶುಲ್ಕಕ್ಕೂ ಮೂಲ ಸೇವೆಗೆ ಇರುವ ತೆರಿಗೆ ದರವೇ ಬೀಳುತ್ತದೆ. ಹಾಗಾಗಿ ನಾವು ಇಟ್ಟುಕೊಂಡ ದುಡ್ಡಿಗೆ ಶೇ. 5 ಜಿಎಸ್‌ಟಿ ಇರುತ್ತದೆ, ವಾಪಸ್ ಕೊಡುವ ದುಡ್ಡಿನ ಜೊತೆ ಅದರ ಜಿಎಸ್‌ಟಿಯನ್ನೂ ಕೊಡಬೇಕು. ಅದಕ್ಕೆ ಕ್ರೆಡಿಟ್ ನೋಟ್ ಮಾಡಿ ಲೆಕ್ಕದಲ್ಲಿ ಇಳಿಸಿಕೊಳ್ಳುತ್ತೇವೆ.

ಇನ್ನು ಆ 2,000 ರೂಪಾಯಿ ಹೋಟೆಲ್ ದುಡ್ಡು. ಹೋಟೆಲಿನ ಗಡುವು ಅಕ್ಟೋಬರ್ 28. ಯಜಮಾನರು ಫೋನ್ ಮಾಡಿದ್ದು 27ಕ್ಕೆ. ಅವರು ಕ್ಯಾನ್ಸಲ್ ಅನ್ನಲಿಲ್ಲ ನಿಜ, ಆದರೆ "ನಾಳೆಯೊಳಗೆ ತಿಳಿಸಿದರೆ ರೂಮಿನ ದುಡ್ಡು ಉಳಿಯುತ್ತದೆ" ಅಂತ ನಾನೂ ಅವರಿಗೆ ಹೇಳಲಿಲ್ಲ. ಯಾವುದನ್ನು ಕ್ಯಾನ್ಸಲ್ ಅಂತ ಹಿಡಿಯುತ್ತೇವೆ ಅಂತ ನಮ್ಮ ರಸೀದಿಯಲ್ಲಿ ಒಂದು ಪದವೂ ಇರಲಿಲ್ಲ. ಆ 2,000 ನಾನೇ ಹೊತ್ತುಕೊಂಡೆ. ಉಳಿದದ್ದು 8,850, ಜಿಎಸ್‌ಟಿ ಸೇರಿ 9,292 ರೂಪಾಯಿ 50 ಪೈಸೆ. ಮಾರನೇ ದಿನ ಇಡೀ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಕಳಿಸಿದೆ, ಆ ವಾರದಲ್ಲೇ 36,907 ರೂಪಾಯಿ 50 ಪೈಸೆ ಹಾಕಿದೆ.

ಕೊನೆಗಳಿಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಾವೇ ವಿಮಾನದಲ್ಲಿ ಕಾಶಿಗೆ ಬಂದು ನಮ್ಮ ಬಸ್ ಸೇರಿಕೊಂಡರು. ಒಂದು ಸೀಟು ತುಂಬಿತು. ಬಸ್, ಅಡುಗೆಯವರ ಪಾಲು ಅವರಿಂದ ಬಂತಲ್ಲ, ಮತ್ತೆ ಅದನ್ನೇ ಆ ದಂಪತಿಯಿಂದ ಹಿಡಿದರೆ ಒಂದೇ ಸೀಟಿಗೆ ಎರಡು ಸಲ ದುಡ್ಡು ತಗೊಂಡ ಹಾಗಾಗುತ್ತದೆ. ಟೂರ್ ಮುಗಿದ ಮೇಲೆ ಜಿಎಸ್‌ಟಿ ಸೇರಿ 3,675 ರೂಪಾಯಿ ಮತ್ತೆ ಕಳಿಸಿದೆ. ಒಟ್ಟು ಅವರಿಗೆ ಹೋದದ್ದು 40,582 ರೂಪಾಯಿ 50 ಪೈಸೆ.

ಇದಾದ ಮೇಲೆ ನೋಟಿಸನ್ನೇ ಬೇರೆ ಬರೆದೆ. ಶೇಕಡಾವಾರು ಪೂರ್ತಿ ತೆಗೆದುಬಿಟ್ಟೆ. ಕಾನೂನಿನ ದೃಷ್ಟಿಯಿಂದಲೂ ಅದು ಅಪಾಯವೇ. ಆದ ನಷ್ಟಕ್ಕೆ ಸ್ವಲ್ಪವೂ ಹೊಂದದಂಥ ದಂಡ ಹಾಕುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಅಂತಲೇ ಹೇಳುತ್ತದೆ. ಗಿರಾಕಿ ಸಹಿ ಹಾಕಿದ್ದಾರೆ ಅನ್ನುವುದೊಂದೇ ಸಾಲುವುದಿಲ್ಲ.

ಹೊಸ ನೋಟಿಸಿನಲ್ಲಿ "ಇಷ್ಟು ದಿನ ಮೊದಲು" ಅನ್ನುವ ಮಾತೇ ಇಲ್ಲ. ಹೊರಡುವ ದಿನವನ್ನು ಎಣಿಸಬೇಕಾ ಬಿಡಬೇಕಾ ಅನ್ನುವುದಕ್ಕೇ ಅರ್ಧ ಜಗಳ ಆಗುತ್ತದೆ ಅಲ್ವಾ? ಅದಕ್ಕೆ ಪ್ರತಿ ಟೂರಿಗೂ ತಾರೀಖುಗಳನ್ನೇ ಅಚ್ಚು ಹಾಕುತ್ತೇವೆ, ಆ ತಾರೀಖಿಗೆ ನಮ್ಮ ಕೈಯಿಂದ ಏನು ಖರ್ಚಾಗುತ್ತದೆ ಅನ್ನುವುದನ್ನೂ ಪಕ್ಕದಲ್ಲಿ ಬರೆಯುತ್ತೇವೆ. ಮೊದಲ ತಾರೀಖು ರೈಲಿನ ಬುಕಿಂಗ್ ತೆರೆಯುವ ದಿನ. 2024ರ ಅಕ್ಟೋಬರ್ 31ರವರೆಗೆ 120 ದಿನ ಮುಂಚೆ ಟಿಕೆಟ್ ಸಿಗುತ್ತಿತ್ತು, ಆಮೇಲೆ ಅದು 60 ದಿನಕ್ಕೆ ಇಳಿಯಿತು. ನಮ್ಮ ಹಳೇ ರಸೀದಿಯ 90 ದಿನದ ಸಾಲು ಅದಾದ ಮೇಲೂ ಹಾಗೇ ಉಳಿದಿತ್ತು, ಟಿಕೆಟ್ಟೇ ತೆಗೆಯದ ಹೊತ್ತಿನಲ್ಲೂ ಶೇ. 25 ಹಿಡಿಯುವಂತೆ. ನವೆಂಬರ್ 18ರ ಟೂರಿಗೆ ಬುಕಿಂಗ್ ತೆರೆದದ್ದು ಸೆಪ್ಟೆಂಬರ್ 19. ಅದಕ್ಕಿಂತ ಮೊದಲು ಬಿಟ್ಟವರಿಂದ ಈಗ ಆಫೀಸಿನ 500 ಮಾತ್ರ ಹಿಡಿಯುತ್ತೇವೆ.

ಎರಡನೆಯ ತಾರೀಖು ಹೋಟೆಲ್ ಗಡುವು. ಮೂರನೆಯದು ಅಡುಗೆ ಸಾಮಾನು ತರುವ ದಿನ, ಸಾಮಾನ್ಯವಾಗಿ ಹೊರಡಲು ನಾಲ್ಕು ದಿನ ಇರುವಾಗ. ಕೊನೆಯದು ರೈಲಿನದು, ಅಲ್ಲಿ ಮಾತ್ರ ಗಂಟೆಗಳ ಲೆಕ್ಕ ಬರೆಯುವುದಿಲ್ಲ. ರೈಲ್ವೆ ನಿಯಮ ಬದಲಾಗುತ್ತಿರುತ್ತದೆ, ಕ್ಯಾನ್ಸಲ್ ಮಾಡಿದ ದಿನ ರೈಲ್ವೆ ಎಷ್ಟು ಹಿಡಿಯಿತೋ ಅಷ್ಟೇ, ಆ ರಸೀದಿಯನ್ನು ನಿಮಗೆ ಕಳಿಸುತ್ತೇವೆ ಅಂತ ಬರೆದಿದ್ದೇವೆ. ಕನ್ಫರ್ಮ್ ತತ್ಕಾಲ್ ಟಿಕೆಟ್ ಆದರೆ ರದ್ದು ಮಾಡಿದಾಗ ಏನೂ ಬರುವುದಿಲ್ಲ. ತಡವಾಗಿ ಸೇರಿಕೊಂಡವರಿಗೆ ತತ್ಕಾಲಿನಲ್ಲಿ ತೆಗೆಯುವಾಗಲೇ ಇದನ್ನು ಹೇಳಿ, ಒಪ್ಪಿಗೆಯ ಮೆಸೇಜ್ ತರಿಸಿಕೊಳ್ಳುತ್ತೇವೆ.

ಎಲ್ಲ ಟೂರಿನಲ್ಲೂ ಒಬ್ಬರಾದರೂ ಕೇಳುವ ಪ್ರಶ್ನೆ: "ನಾನು ಬರಲ್ಲ, ನಮ್ಮ ಪಕ್ಕದ ಮನೆಯವರನ್ನ ಕಳಿಸಲಾ?" ಬಸ್ಸು, ರೂಮು, ಊಟಕ್ಕೆ ಧಾರಾಳವಾಗಿ ಕಳಿಸಬಹುದು. ರೈಲು ಟಿಕೆಟ್ ಆಗುವುದಿಲ್ಲ. ಕನ್ಫರ್ಮ್ ಟಿಕೆಟ್ಟನ್ನು ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು, ಗಂಡ, ಹೆಂಡತಿಯ ಹೆಸರಿಗೆ ಬದಲಾಯಿಸಬಹುದು, ಅದಕ್ಕೂ ರೈಲು ಹೊರಡುವ 24 ಗಂಟೆ ಮೊದಲೇ ಅರ್ಜಿ ಕೊಡಬೇಕು. ಪಕ್ಕದ ಮನೆಯವರಿಗೆ ಹೊಸ ಟಿಕೆಟ್ಟೇ ಬೇಕು, ಅದು ವೇಟಿಂಗ್ ಲಿಸ್ಟಿನಲ್ಲಿ ಬಂದರೆ ಸೀಟು ತುಂಬಿತು ಅಂತ ಹೇಳಲು ಬರುವುದಿಲ್ಲ.

ಯಾವಾಗ ವಾಪಸ್ ಅನ್ನುವುದಕ್ಕೆ ಹಳೇದರಲ್ಲಿ "15 ದಿನದಲ್ಲಿ" ಅಂತ ಇತ್ತು, ಯಾವ ದಿನದಿಂದ ಅಂತ ಇರಲಿಲ್ಲ. ಈಗಿನ ಸಾಲುಗಳು ಹೀಗಿವೆ:

"ನಮ್ಮ ಆಫೀಸಿನ ವಾಟ್ಸಾಪ್ ನಂಬರಿಗೆ ನೀವು ಕಳಿಸಿದ ಮೆಸೇಜ್ ನಮಗೆ ಮುಟ್ಟಿದ ದಿನವೇ ಕ್ಯಾನ್ಸಲ್ ದಿನ. ಭಾನುವಾರ, ಹಬ್ಬದ ದಿನ ಬಂದರೂ ಅದೇ ದಿನ. ಫೋನಿನಲ್ಲಿ ಅನುಮಾನ ಹೇಳಿದರೆ ಮುಂದಿನ ಗಡುವು ಯಾವತ್ತು ಅಂತ ಆಗಲೇ ನಾವು ತಿಳಿಸುತ್ತೇವೆ. ಕ್ಯಾನ್ಸಲ್ ದಿನದಿಂದ 10 ದಿನದೊಳಗೆ ಲೆಕ್ಕದ ಹಾಳೆ ಮತ್ತು ದುಡ್ಡು ಎರಡೂ ನಿಮಗೆ ಬರುತ್ತವೆ. ನಿಮ್ಮ ಸೀಟಿಗೆ ಬೇರೆಯವರು ಬಂದರೆ ಬಸ್ ಮತ್ತು ಅಡುಗೆಯವರ ಪಾಲನ್ನು ಟೂರ್ ಮುಗಿದ 7 ದಿನದೊಳಗೆ ಕೊಡುತ್ತೇವೆ. ದುಡ್ಡು ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗುತ್ತದೆ."

10 ದಿನ ಅಂತ ಬರೆಯುವಾಗ ಹಿಂದೆಮುಂದೆ ನೋಡಿದೆ. ಹೋಟೆಲಿನವರು ಕೆಲವೊಮ್ಮೆ ಒಂದು ತಿಂಗಳು ಎಳೆಯುತ್ತಾರೆ. ಆದರೆ ಗಿರಾಕಿ ದುಡ್ಡು ಕೊಟ್ಟದ್ದು ನಮಗೆ, ಹೋಟೆಲಿನವರಿಗಲ್ಲ. ಅದಕ್ಕೆ ಪ್ರತಿ ಟೂರಿನ ಅಡ್ವಾನ್ಸಿನಲ್ಲಿ ಸ್ವಲ್ಪ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟಿರುತ್ತೇನೆ, ಮೊದಲು ಅಲ್ಲಿಂದ ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳುತ್ತೇನೆ. ಅದೇ ಖಾತೆಗೆ ಅನ್ನುವ ಸಾಲೂ ಪೆಟ್ಟು ತಿಂದೇ ಬಂದದ್ದು. ಒಂದು ಸಲ ದುಡ್ಡು ಕಟ್ಟಿದ್ದು ಮಗಳು, ನಾವು ವಾಪಸ್ ಹಾಕಿದ್ದು ಅಪ್ಪನ ಖಾತೆಗೆ, ಅವರ ಮನೆಯಲ್ಲಿ ಅದೇ ದೊಡ್ಡ ಮಾತಾಯಿತು.

ಸೂತಕದ ಬಗ್ಗೆಯೂ ಒಂದು ಸಾಲು ಸೇರಿಸಿದೆ. ಕಾಶಿ ಟೂರಿನಲ್ಲಿ ಅದು ಆಗಾಗ ಬರುವ ಕಾರಣ. ಮನೆಯಲ್ಲಿ ಸಾವಾದರೆ ಆಫೀಸ್ ಶುಲ್ಕ ಹಿಡಿಯುವುದಿಲ್ಲ, ಹೊರಗೆ ಕೊಟ್ಟ ದುಡ್ಡು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸರ್ಟಿಫಿಕೇಟ್ ಕೇಳುವುದಿಲ್ಲ. ಟೂರನ್ನು ನಾವೇ ರದ್ದು ಮಾಡಿದರೆ ಜಿಎಸ್‌ಟಿ ಸಮೇತ ಪೂರ್ತಿ ದುಡ್ಡು 7 ದಿನದಲ್ಲಿ ಕೊಡುತ್ತೇವೆ, ಮುಂದಿನ ಟೂರಿಗೆ ಹೊಂದಿಸಿಕೊಳ್ಳಿ ಅಂತ ಒತ್ತಾಯ ಮಾಡುವುದಿಲ್ಲ.

ಹೊಸ ಲೆಕ್ಕದಲ್ಲಿ ಎಲ್ಲರಿಗೂ ಕಡಿತ ಕಮ್ಮಿ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಹೊರಡಲು ಐದು ದಿನ ಇರುವಾಗ ಸೇರಿದವರೊಬ್ಬರು ಹಿಂದಿನ ದಿನ ತತ್ಕಾಲ್ ಟಿಕೆಟ್ ತೆಗೆದ ಮೇಲೆ ಬಿಟ್ಟರು. ಅವರಿಗೆ ಹಳೇ ನೋಟಿಸಿನ ಪ್ರಕಾರ ಏನೂ ಸಿಗುತ್ತಿರಲಿಲ್ಲ, ಹೊಸದರಲ್ಲೂ ಸಿಕ್ಕಿದ್ದು ಅಯೋಧ್ಯೆಯ ಲಾಡ್ಜಿನವರು ಬಿಟ್ಟುಕೊಟ್ಟ ಒಂದಿಷ್ಟು ಮಾತ್ರ. ಹಾಳೆ ಕಳಿಸಿದೆ. ಅವರು ಒಂದೊಂದೇ ಸಾಲಿನ ಬಿಲ್ ಕೇಳಿದರು, ಒಂದೊಂದೇ ಕೊಟ್ಟೆ.