ಮನೆಯಲ್ಲಿ ಬೆಕ್ಕು, ಮಗಳಿಗೆ ಸೀನು: ಮಲಗುವ ಕೋಣೆಯಿಂದ ಆರಂಭಿಸಿ

ಬೆಕ್ಕಿನ ಜೊಲ್ಲು ಮತ್ತು ಚರ್ಮದ ಎಣ್ಣೆಗ್ರಂಥಿಗಳಲ್ಲಿ ‘ಫೆಲ್ ಡಿ 1’ ಎಂಬ, ಅಲರ್ಜಿಗೆ ಮುಖ್ಯ ಕಾರಣವಾದ ಪ್ರೋಟೀನ್ ಉತ್ಪತ್ತಿಯಾಗುತ್ತದೆ. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ತುಪ್ಪಳಕ್ಕೆ ಹತ್ತಿ, ಒಣಗಿ, ಚರ್ಮದ ಹೊಟ್ಟಿನೊಡನೆ ಉದುರುತ್ತದೆ. ಆದ್ದರಿಂದ ಕೂದಲು ಕಡಿಮೆ ಇರುವ ತಳಿಯನ್ನು ತಂದರೆ ಅಲರ್ಜಿ ಬಾರದು ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಈ ಹೊಟ್ಟಿನ ಸಣ್ಣ ಕಣಗಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಹಾಸಿಗೆ, ಪರದೆ, ಸೋಫಾಗಳಿಗೆ ಅಂಟಿಕೊಂಡರೆ ತಿಂಗಳುಗಟ್ಟಲೆ ಉಳಿಯುತ್ತವೆ. ಬೆಕ್ಕನ್ನು ಒಂದು ವಾರ ನೆಂಟರ ಮನೆಯಲ್ಲಿ ಬಿಟ್ಟು, ‘ಸೀನು ನಿಲ್ಲಲಿಲ್ಲ, ಹಾಗಾದರೆ ಕಾರಣ ಬೆಕ್ಕಲ್ಲ’ ಎಂದು ತೀರ್ಮಾನಿಸುವುದು ತಪ್ಪಾಗುವುದು ಇದರಿಂದಲೇ.

ಮೊದಲ ಹೆಜ್ಜೆ ಪರೀಕ್ಷೆ. ನಮ್ಮ ಮನೆಗಳಲ್ಲಿ ಧೂಳಿನ ನುಸಿ ಮತ್ತು ಜಿರಳೆ ಕೂಡ ಇದೇ ಲಕ್ಷಣಗಳನ್ನು ತರುವುದರಿಂದ, ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಅಥವಾ ರಕ್ತಪರೀಕ್ಷೆಯಿಂದ ಕಾರಣವನ್ನು ಖಚಿತಪಡಿಸಿಕೊಳ್ಳಬೇಕು. ಸೀನಿನ ಮಾತ್ರೆ ನುಂಗುತ್ತಿದ್ದರೆ ಪ್ರಿಕ್ ಟೆಸ್ಟ್ ಸರಿಯಾದ ಫಲ ಕೊಡುವುದಿಲ್ಲ. ಎಷ್ಟು ದಿನ ಮುಂಚೆ ಮಾತ್ರೆ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ.

ಪರೀಕ್ಷೆಯಲ್ಲಿ ಬೆಕ್ಕಿನ ಅಲರ್ಜಿ ಖಚಿತವಾಯಿತೆನ್ನಿ. ಬೆಂಗಳೂರಿನ ಎರಡು ಮಲಗುವ ಕೋಣೆಯ ಫ್ಲ್ಯಾಟೊಂದರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಬೆಳಿಗ್ಗೆ ಎದ್ದೊಡನೆ ಸಾಲಾಗಿ ಸೀನುತ್ತಾಳೆ, ಕಣ್ಣುಜ್ಜಿಕೊಳ್ಳುತ್ತಾಳೆ ಎಂದುಕೊಳ್ಳೋಣ. ಇಡೀ ಮನೆಯನ್ನು ಶುಚಿಯಾಗಿಡುವ ಪ್ರಯತ್ನ ಹದಿನೈದು ದಿನಕ್ಕೇ ಕೈಬಿಟ್ಟುಹೋಗುತ್ತದೆ. ಹುಡುಗಿ ರಾತ್ರಿ ಎಂಟು–ಒಂಬತ್ತು ಗಂಟೆ ಕಳೆಯುವ ಒಂದೇ ಕೋಣೆಯನ್ನು ಕಟ್ಟುನಿಟ್ಟಾಗಿ ಬೆಕ್ಕಿನಿಂದ ದೂರವಿಡುವುದು ಹೆಚ್ಚು ಫಲಕಾರಿ. ಕಟ್ಟುನಿಟ್ಟು ಎಂದರೆ ಹಗಲಿನಲ್ಲೂ ಬಾಗಿಲು ಮುಚ್ಚಿರಬೇಕು, ಏಕೆಂದರೆ ಮಗು ಶಾಲೆಯಲ್ಲಿದ್ದಾಗ ಬೆಕ್ಕು ದಿಂಬಿನ ಮೇಲೆ ಒಂದು ನಿದ್ದೆ ತೆಗೆದರೂ ರಾತ್ರಿ ಅದೇ ದಿಂಬಿಗೆ ಮೂಗು ತಾಗುತ್ತದೆ.

ಬಾಗಿಲು ಮುಚ್ಚಿದರಷ್ಟೇ ಸಾಲದು. ಇಷ್ಟು ಕಾಲ ಬೆಕ್ಕು ಮಲಗಿದ್ದ ಹತ್ತಿ ಹಾಸಿಗೆಯೊಳಗೆ ಹಳೆಯ ಹೊಟ್ಟು ಕೂತಿರುತ್ತದೆ. ಹಾಸಿಗೆಗೂ ದಿಂಬಿಗೂ ಜಿಪ್ ಇರುವ, ಒತ್ತಾದ ನೇಯ್ಗೆಯ ಅಲರ್ಜಿ ನಿರೋಧಕ ಕವರ್ ಹಾಕಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆಯಿರಿ. 60 ಡಿಗ್ರಿ ಬಿಸಿನೀರಾದರೆ ನುಸಿಯೂ ಸಾಯುತ್ತದೆ. ಅಜ್ಜಿ ಹೊಲಿದ ಕೌದಿ, ವರ್ಷಕ್ಕೊಮ್ಮೆ ಮಾತ್ರ ನೀರು ಕಾಣುವ ಸೊಳ್ಳೆಪರದೆ, ಕಿಟಕಿಯ ದಪ್ಪ ಪರದೆ, ಇವು ಸಾಮಾನ್ಯವಾಗಿ ಮರೆತುಹೋಗುತ್ತವೆ. ಶಾಲೆಯ ಸಮವಸ್ತ್ರವನ್ನು ಬೆಕ್ಕು ಹತ್ತಲಾಗದ ಬೀರುವಿನಲ್ಲಿಡಿ. ಇಸ್ತ್ರಿ ಮಾಡಿದ ಬಟ್ಟೆಯ ರಾಶಿಯ ಮೇಲೆ ಮಲಗುವುದೆಂದರೆ ಬೆಕ್ಕಿಗೆ ಎಲ್ಲಿಲ್ಲದ ಇಷ್ಟ.

ಕೋಣೆಯಲ್ಲಿ ಒಣ ಪೊರಕೆ ಆಡಿಸಿದರೆ ನೆಲಕ್ಕಿಳಿದ ಹೊಟ್ಟು ಮತ್ತೆ ಗಾಳಿಗೇರುತ್ತದೆ. ಒದ್ದೆ ಬಟ್ಟೆಯಿಂದ ನೆಲ, ಫ್ಯಾನಿನ ರೆಕ್ಕೆ, ಮಂಚದ ತಲೆದೆಸೆಯನ್ನು ಒರೆಸಿ. ಆ ಹೊತ್ತಿನಲ್ಲಿ ಮಗು ಕೋಣೆಯಲ್ಲಿ ಇರಬಾರದು. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಆರಿಸಿ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಅದನ್ನು ಗಂಟೆಗೆ ಐದು ಬಾರಿ ಸೋಸಲು ಪೆಟ್ಟಿಗೆಯ ಮೇಲೆ ಬರೆದಿರುವ CADR, ಅಂದರೆ ಯಂತ್ರ ಕೊಡುವ ಶುದ್ಧ ಗಾಳಿಯ ಪ್ರಮಾಣ, ಗಂಟೆಗೆ 170 ಘನ ಮೀಟರಿನಷ್ಟಾದರೂ ಇರಬೇಕು. ಹಾಸಿಗೆಯೊಳಗಿನ ಹೊಟ್ಟನ್ನು ಈ ಯಂತ್ರ ಹೀರಲಾರದು, ಹಾಗಾಗಿ ಕವರ್ ಹಾಕದೆ ಇದನ್ನು ಮೊದಲು ಕೊಂಡರೆ ಹಣ ದಂಡ.

ಬೆಕ್ಕಿಗೆ ಸ್ನಾನ ಮಾಡಿಸುವುದರ ಬಗ್ಗೆ ನನಗೆ ಹೆಚ್ಚಿನ ಉತ್ಸಾಹವಿಲ್ಲ. ಸ್ನಾನದಿಂದ ಪ್ರೋಟೀನ್ ಇಳಿಯುವುದು ನಿಜ, ಆದರೆ ಕೆಲವೇ ದಿನಗಳಲ್ಲಿ ಮೊದಲಿನಷ್ಟಾಗುತ್ತದೆ. ವಾರಕ್ಕೆ ಎರಡು ಸಲ ಬೆಕ್ಕಿನೊಡನೆ ಹೋರಾಡಿ ಕೈ ಪರಚಿಸಿಕೊಳ್ಳುವವರು ಕಡಿಮೆ. ಗಂಡು ಬೆಕ್ಕಾಗಿದ್ದರೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಅದರಿಂದ ಪ್ರೋಟೀನಿನ ಉತ್ಪತ್ತಿ ತಗ್ಗುತ್ತದೆ. ಬಾಚುವ ಕೆಲಸವನ್ನೂ ಲಿಟರ್ ಟ್ರೇ ತೆಗೆಯುವುದನ್ನೂ ಅಲರ್ಜಿ ಇಲ್ಲದವರು ಮಾಡಲಿ. ಹುಡುಗಿ ಬೆಕ್ಕನ್ನು ಮುದ್ದಿಸಲಿ, ಆದರೆ ಕೈ ತೊಳೆಯುವವರೆಗೆ ಕಣ್ಣು ಮುಟ್ಟದಿರಲಿ.

ವೈದ್ಯರು ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರೆ ಅದನ್ನು ಹೇಳಿದಷ್ಟು ಕಾಲ ದಿನವೂ ಬಳಸಬೇಕು, ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕಾಗಬಹುದು. ನಳಿಗೆಯ ತುದಿ ಮೂಗಿನ ನಡುಗೋಡೆಯತ್ತ ಇರದೆ ಅದೇ ಬದಿಯ ಕಣ್ಣಿನ ಹೊರಗಡೆಗೆ ತಿರುಗಿರಲಿ. ನಡುಗೋಡೆಗೆ ಸಿಂಪಡಿಸಿದರೆ ರಕ್ತ ಒಸರುವುದುಂಟು.

ಬೆಳಗಿನ ಸೀನು, ಮೂಗು ಕಟ್ಟುವಿಕೆ, ಕಣ್ಣಿನ ತುರಿಕೆಗೆ ದಿನವೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ತಿಂಗಳಾದರೂ ಅಂಕ ಇಳಿಯದಿದ್ದರೆ ಆ ಪಟ್ಟಿಯೊಂದಿಗೆ ಮತ್ತೆ ವೈದ್ಯರ ಬಳಿ ಹೋಗಿ. ರಾತ್ರಿ ಕೆಮ್ಮು, ಎದೆಯಲ್ಲಿ ಸುಯ್‌ಗುಟ್ಟುವಿಕೆ ಅಥವಾ ಆಡುವಾಗ ಏದುಸಿರು ಕಂಡರೆ ಅಷ್ಟು ದಿನವೂ ಕಾಯಬೇಡಿ, ಅದು ಆಸ್ತಮಾ ಇರಬಹುದು. ಔಷಧ ಸರಿಯಾಗಿ ತೆಗೆದುಕೊಂಡರೂ ಆಸ್ತಮಾ ಹತೋಟಿಗೆ ಬಾರದಿದ್ದರೆ ಬೆಕ್ಕಿಗೆ ಬೇರೆ ಮನೆ ಹುಡುಕಲೇಬೇಕು, ಮತ್ತು ಅದು ಹೋದ ಮೇಲೂ ಹಾಸಿಗೆಯ ಕವರನ್ನೂ ಒದ್ದೆ ಒರೆಸುವಿಕೆಯನ್ನೂ ಆರು ತಿಂಗಳಾದರೂ ಮುಂದುವರಿಸಬೇಕು.